ಆಷಾಢದಲ್ಲಿ ವಾಸಿಯಾಗಿ ಶ್ರಾವಣದಲ್ಲಿ ಮರಳಿದ ಹುಣ್ಣು: ಒಂದು ಮೆರವಣಿಗೆ ಕುದುರೆಯ ಪ್ರಕರಣ

ದಾವಣಗೆರೆಯ ಹಳೇ ಊರಿನಲ್ಲಿರುವ ಈ ಹೆಣ್ಣು ಕುದುರೆಗೆ ಎಂಟು ವರ್ಷ. ಮಾರ್ವಾಡಿ ಮಿಶ್ರ ತಳಿ, ಬಿಳಿ ಮೈ. ಮದುವೆಯ ಕಾಲದಲ್ಲಿ ಸಂಜೆ ವರನ ಮೆರವಣಿಗೆ, ಉಳಿದ ದಿನ ಬೆಳಿಗ್ಗೆ ಹುಡುಗರಿಗೆ ಸವಾರಿ ಕಲಿಸುವುದು. ವೈಶಾಖದ ಮದುವೆಗಳು ಮುಗಿಯುವ ಹೊತ್ತಿಗೆ ಕುದುರೆ ಇಳಿದುಹೋಗಿತ್ತು. ಪಕ್ಕೆಲುಬು ಕಾಣುತ್ತಿದ್ದವು, ಮೈಮೇಲಿನ ಹೊಳಪು ಹೋಗಿ ರೋಮ ಒರಟಾಗಿತ್ತು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ, ಕುತ್ತಿಗೆ ತಿರುಗಿಸಿ ಕಚ್ಚಲು ಬರುತ್ತಿತ್ತು. ಮೊದಲು ಈ ಕುದುರೆಗೆ ಅಂಥ ಚಾಳಿ ಇರಲಿಲ್ಲ.

"ಡಾಕ್ಟ್ರೇ, ಹುಲ್ಲು ತಿಂತೈತಿ. ಕಾಳು ಇಟ್ರೆ ನಾಕು ಬಾಯಿ ತಿಂದು ಹಿಂದಕ್ಕೆ ಸರೀತೈತಿ. ಆಮೇಲೆ ಹೊಟ್ಟಿ ಕಡೆ ನೋಡ್ಕೊಂಡು ನಿಂತ್ಕೊಂತೈತಿ" ಎಂದರು ಮಾಲೀಕರು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮಾತು. ಹಲ್ಲು ನೋವಿದ್ದ ಕುದುರೆಗೆ ಅಗಿಯುವ ಒರಟು ಮೇವೇ ಕಷ್ಟ. ಉಂಡೆ ಕಟ್ಟಿದ ಹುಲ್ಲನ್ನು ಬಾಯಿಂದ ಉದುರಿಸುತ್ತದೆ, ಮೆತ್ತಗಿನ ಕಾಳನ್ನು ಹೇಗೋ ತಿನ್ನುತ್ತದೆ. ಇಲ್ಲಿ ಅದು ತಿರುಗುಮುರುಗಾಗಿತ್ತು. ಹುಲ್ಲು ಬೇಕು, ಕಾಳು ಬೇಡ, ಕಾಳು ತಿಂದ ಮೇಲೆ ಸಣ್ಣ ಹೊಟ್ಟೆನೋವು. ಇದು ಜಠರದ ಹುಣ್ಣಿನ ಕಡೆಗೆ ಬೊಟ್ಟು ಮಾಡುತ್ತದೆ.

ಆದರೆ ಬೊಟ್ಟು ಮಾಡುವುದಷ್ಟೇ. ಮೈ ಇಳಿಯುವುದಕ್ಕೆ, ಮುಟ್ಟಿದರೆ ಸಿಡುಕುವುದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಹಲ್ಲು ನೋಡಿದೆ, ಅಂಚು ಚೂಪಾಗಿದ್ದ ಎರಡು ದವಡೆಹಲ್ಲುಗಳನ್ನು ಉಜ್ಜಿ ಸರಿಮಾಡಿದ್ದಾಯಿತು. ಲದ್ದಿಯಲ್ಲಿ ಜಂತುಹುಳದ ಮೊಟ್ಟೆ ಕಡಿಮೆ ಇತ್ತು. ಈ ಭಾಗದಲ್ಲಿ ಕುದುರೆ ಸೊರಗಿದರೆ ಸರ್ರಾ ರೋಗವನ್ನು ಮರೆಯುವಂತಿಲ್ಲ. ರಕ್ತದ ಲೇಪನದಲ್ಲಿ ಅದರ ಪರಾವಲಂಬಿ ಕಾಣಲಿಲ್ಲ, ಜ್ವರವೂ ಇರಲಿಲ್ಲ. ಲದ್ದಿಯನ್ನು ನೀರಿನಲ್ಲಿ ಕದಡಿ ಇಟ್ಟಾಗ ತಳದಲ್ಲಿ ಮರಳು ಕೂರಲಿಲ್ಲ. ಹಿಮೋಗ್ಲೋಬಿನ್ ಸರಿಯಾಗಿತ್ತು. ಮನುಷ್ಯರ ಹುಣ್ಣನ್ನು ಕಂಡವರು ರಕ್ತವಾಂತಿ, ಕಪ್ಪು ಮಲ ಹುಡುಕುತ್ತಾರೆ. ಕುದುರೆ ವಾಂತಿ ಮಾಡುವ ಪ್ರಾಣಿಯೇ ಅಲ್ಲ, ದೊಡ್ಡ ಕುದುರೆಯಲ್ಲಿ ಹುಣ್ಣಿನಿಂದ ಲದ್ದಿ ಕಪ್ಪಾಗುವುದೂ ಸಾಮಾನ್ಯವಲ್ಲ. ಲದ್ದಿಯಲ್ಲಿ ರಕ್ತ ಹುಡುಕುವ ಪರೀಕ್ಷೆಯನ್ನಾಗಲಿ ಬೇರೆ ಯಾವುದೇ ರಕ್ತಪರೀಕ್ಷೆಯನ್ನಾಗಲಿ ನಂಬಿ ಹುಣ್ಣು ಇದೆ ಅಥವಾ ಇಲ್ಲ ಎಂದು ಹೇಳಲು ಬರುವುದಿಲ್ಲ.

ನಾನು ನೋಡುವ ಮೊದಲೇ ಎರಡು ಚಿಕಿತ್ಸೆ ನಡೆದುಹೋಗಿದ್ದವು. ಹೊಟ್ಟೆಪಟ್ಟಿಗೆ ಸಿಡುಕುವುದನ್ನು ಬೆನ್ನುನೋವೆಂದು ತಿಳಿದು ಯಾರೋ ಫಿನೈಲ್‌ಬ್ಯುಟಜೋನ್ ಕೊಡಿಸಿದ್ದರು. ಅದನ್ನು ಆಗಲೇ ನಿಲ್ಲಿಸಿದೆವು. ಜಠರದ ಒಳಪದರವನ್ನು ಕಾಪಾಡುವ ಪ್ರೊಸ್ಟಾಗ್ಲಾಂಡಿನ್‌ಗಳನ್ನೇ ತಗ್ಗಿಸುವ ನೋವುನಿವಾರಕ ಅದು. ಇನ್ನೊಂದು, ಔಷಧಿ ಅಂಗಡಿಯಿಂದ ತಂದ 'ಗ್ಯಾಸ್ ಮಾತ್ರೆ'. 20 ಮಿಲಿಗ್ರಾಂ ಒಮೆಪ್ರಜೋಲ್ ಕ್ಯಾಪ್ಸೂಲನ್ನು ದಿನಕ್ಕೆ ಎರಡರಂತೆ ಒಡೆದು, ಒಳಗಿನ ಬಿಳಿ ಕಾಳುಗಳನ್ನು ಕುಟ್ಟಿ ಪುಡಿಮಾಡಿ, ಬೇಯಿಸಿದ ಹುರುಳಿಗೆ ಕಲಸಿ ತಿನ್ನಿಸಿದ್ದರು. ವಾರ ಕಳೆದರೂ ಏನೂ ಆಗಲಿಲ್ಲ, ಆದ್ದರಿಂದ ಹುಣ್ಣಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು.

ಇಲ್ಲಿ ಲೆಕ್ಕ ಹಾಕಿ ನೋಡಬೇಕು. ಟೇಪಿನಲ್ಲಿ ಎದೆಸುತ್ತು 164 ಸೆಂ.ಮೀ., ಭುಜದಿಂದ ಪೃಷ್ಠದ ತುದಿಗೆ 158 ಸೆಂ.ಮೀ. ಎದೆಸುತ್ತಿನ ವರ್ಗವನ್ನು ಉದ್ದದಿಂದ ಗುಣಿಸಿ 11880ರಿಂದ ಭಾಗಿಸಿದರೆ ಸುಮಾರು 360 ಕಿಲೋ. ಹುಣ್ಣು ಮಾಯಿಸುವ ರೂಢಿಯ ಪ್ರಮಾಣ ಕಿಲೋ ತೂಕಕ್ಕೆ 4 ಮಿಲಿಗ್ರಾಂ, ದಿನಕ್ಕೊಮ್ಮೆ. ಅಂದರೆ 1440 ಮಿಲಿಗ್ರಾಂ, ಆ ಕ್ಯಾಪ್ಸೂಲಿನ ಲೆಕ್ಕದಲ್ಲಿ 72. ಕೊಟ್ಟದ್ದು 2. ಅದೂ ಒಳಗಿನ ಕಾಳುಗಳನ್ನು ಕುಟ್ಟಿದ ಮೇಲೆ. ಆ ಕಾಳುಗಳ ಮೇಲಿನ ತೆಳು ಲೇಪನವೇ ಒಮೆಪ್ರಜೋಲನ್ನು ಜಠರದ ಆಮ್ಲದಿಂದ ಪಾರುಮಾಡಿ ಕರುಳು ಮುಟ್ಟಿಸುವುದು. ಕುಟ್ಟಿದರೆ ಔಷಧಿ ಜಠರದಲ್ಲೇ ಹಾಳಾಗುತ್ತದೆ. ಮೇವಿನ ಜೊತೆ ಕೊಟ್ಟರೆ ರಕ್ತಕ್ಕೆ ಸೇರುವುದು ಮತ್ತೂ ಕಡಿಮೆ. ಆ ಒಂದು ವಾರದಿಂದ ಹುಣ್ಣು ಇದೆಯೆಂದೂ ಇಲ್ಲವೆಂದೂ ಹೇಳುವಂತಿರಲಿಲ್ಲ.

ಜಠರದೊಳಗೆ ಇಣುಕಿಯೇ ನೋಡಬೇಕಾಯಿತು. ಮನುಷ್ಯರ ಆಸ್ಪತ್ರೆಯ ಎಂಡೋಸ್ಕೋಪ್ ಇದಕ್ಕೆ ಬಾರದು, ಅದರ ಉದ್ದ ಒಂದು ಮೀಟರಿನ ಆಸುಪಾಸು. (ಪರಿಚಯದ ವೈದ್ಯರ ಬಳಿ ಕೇಳೋಣವೇ ಎಂದು ಮಾಲೀಕರು ಉತ್ಸಾಹದಿಂದಲೇ ಕೇಳಿದ್ದರು.) ದೊಡ್ಡ ಕುದುರೆಯ ಜಠರವನ್ನು ಕೊನೆಯವರೆಗೂ ನೋಡಬೇಕಾದರೆ 3 ಮೀಟರ್ ಉದ್ದದ ನಳಿಕೆ ಬೇಕು. ಬೆಂಗಳೂರಿನಲ್ಲಿ ರೇಸ್ ಕುದುರೆಗಳನ್ನು ನೋಡುವ ಸಹೋದ್ಯೋಗಿಯೊಬ್ಬರು ಕೈಯಲ್ಲಿ ಒಯ್ಯುವಂಥದನ್ನು ತಂದರು. ಈ ಸ್ಥಿತಿಯ ಕುದುರೆಯನ್ನು ಲಾರಿಯಲ್ಲಿ 260 ಕಿ.ಮೀ. ಒಯ್ಯುವುದಕ್ಕಿಂತ ಇದು ಮೇಲು. ಮೇವಿಲ್ಲದ ದೂರದ ಪ್ರಯಾಣವೂ ಹುಣ್ಣಿಗೆ ಕಾರಣವಾಗಬಲ್ಲದು.

ಪರೀಕ್ಷೆಯ ತಯಾರಿಯಲ್ಲಿ ಹೆಚ್ಚಿನವರು ಎಡವುವುದು ಉಪವಾಸದಲ್ಲಿ. ಜಠರ ಖಾಲಿಯಿರಬೇಕು, ಅದಕ್ಕೆ ಸುಮಾರು 16 ಗಂಟೆ ಮೇವಿಲ್ಲ. ನೀರನ್ನು ಕೊನೆಯ ಎರಡು ಗಂಟೆ ಮಾತ್ರ ತೆಗೆದೆವು. ತೊಟ್ಟಿ ಖಾಲಿ ಮಾಡಿದರಷ್ಟೇ ಸಾಲದು. ಹಸಿದ ಕುದುರೆ ಕಾಲಡಿಯ ಹಾಸಿನ ಹುಲ್ಲನ್ನೂ ತನ್ನ ಲದ್ದಿಯನ್ನೂ ತಿನ್ನುತ್ತದೆ. ಹಾಸು ಗುಡಿಸಿ ತೆಗೆಸಿ, ಸಂಜೆಯಿಂದಲೇ ಬಾಯಿಕುಕ್ಕೆ ಕಟ್ಟಿಸಿದೆ. ಬೆಳಿಗ್ಗೆ ರಕ್ತನಾಳಕ್ಕೆ ಕ್ಸೈಲಜಿನ್ ಕೊಟ್ಟ ಕೆಲ ನಿಮಿಷಕ್ಕೆ ತಲೆ ಇಳಿಬಿಟ್ಟು ನಿಂತಿತು. ನಳಿಕೆಯನ್ನು ಮೂಗಿನ ಕೆಳದಾರಿಯಲ್ಲಿ ಬಿಟ್ಟು, ಗಂಟಲಿನಲ್ಲಿ ಕುದುರೆ ನುಂಗುವವರೆಗೆ ಕಾದು, ಅನ್ನನಾಳಕ್ಕೆ ಇಳಿಸಿದರು. ಪರದೆಯಲ್ಲಿ ಬಳೆಬಳೆಯಾದ ಗೋಡೆ ಕಂಡರೆ ಶ್ವಾಸನಾಳ ಹೊಕ್ಕಿದೆ ಎಂದರ್ಥ, ಹಿಂದೆ ಎಳೆಯಬೇಕು. ಒಂದೂವರೆ ಮೀಟರಿಗೂ ಹೆಚ್ಚು ಒಳಗೆ ಹೋದಮೇಲೆ ಜಠರದ ಬಾಯಿ ಸಿಕ್ಕಿತು. ಗಾಳಿ ತುಂಬಿದಾಗ ಮಡಿಕೆಗಳು ಬಿಡಿಸಿಕೊಂಡು ಒಳಗೋಡೆ ಕಾಣತೊಡಗಿತು.

ಕುದುರೆಯ ಜಠರದಲ್ಲಿ ಎರಡು ಬಗೆಯ ಒಳಪದರ ಇರುತ್ತದೆ. ಮೇಲ್ಭಾಗ ಅನ್ನನಾಳದ ಒಳಮೈಯಂತೆಯೇ ಬಿಳಿಚಾಗಿರುತ್ತದೆ. ಅಲ್ಲಿ ಆಮ್ಲ ಸ್ರವಿಸುವ ಗ್ರಂಥಿಯೂ ಇಲ್ಲ, ಆಮ್ಲವನ್ನು ತಡೆಯುವ ಲೋಳೆಯೂ ಇಲ್ಲ. ಕೆಳಭಾಗ ಕೆಂಪಗೆ, ಗ್ರಂಥಿಗಳಿಂದ ತುಂಬಿದ್ದು, ತಾನೇ ಆಮ್ಲ ಸ್ರವಿಸಿ ತನ್ನದೇ ಲೋಳೆಯಿಂದ ಕಾಪಾಡಿಕೊಳ್ಳುತ್ತದೆ. ಎರಡರ ನಡುವೆ ಗೆರೆ ಎಳೆದಂತೆ ಒಂದು ಅಂಚಿದೆ. ನಮ್ಮ ಕುದುರೆಯಲ್ಲಿ ಆ ಅಂಚಿನ ಮೇಲ್ಬದಿಯ ಉದ್ದಕ್ಕೂ ಬಿಳಿ ಪದರ ಹಳದಿಯಾಗಿ ದಪ್ಪಗಟ್ಟಿತ್ತು. ನಡುನಡುವೆ ಅಂಗೈಯಗಲದ ಜಾಗಗಳಲ್ಲಿ ಪದರ ಕಿತ್ತುಬಂದು ಹಸಿ ಕೆಂಪು ಕಾಣುತ್ತಿತ್ತು. ಒಂದೆರಡು ಕಡೆ ಅಂಚಿನಿಂದ ರಕ್ತ ಜಿನುಗುತ್ತಿತ್ತು. 0ಯಿಂದ 4ರವರೆಗಿನ ಶ್ರೇಣಿಯಲ್ಲಿ ಇದಕ್ಕೆ 3 ಕೊಟ್ಟೆವು: ವಿಸ್ತಾರವಾಗಿದೆ, ಆಳವಾಗಿಲ್ಲ. ಆಳದ ಗುಳಿಗಳಿದ್ದರೆ 4.

ಇಲ್ಲಿಗೆ ನಳಿಕೆ ಹೊರತೆಗೆಯುವ ಆತುರ ಸಹಜ, ಹುಣ್ಣು ಸಿಕ್ಕಿತಲ್ಲ. ಆದರೆ ನಳಿಕೆಯನ್ನು ಕೆಳಗೋಡೆಗುಂಟ ಸುತ್ತಿಸಿ ಕರುಳಿನ ಬಾಗಿಲವರೆಗೂ ಹೋಗಲೇಬೇಕು. ಕೆಳಭಾಗದ ಹುಣ್ಣುಗಳು ಹೆಚ್ಚಾಗಿ ಇರುವುದು ಅಲ್ಲೇ. ಮೇಲ್ಭಾಗದಲ್ಲಿ ಹುಣ್ಣಿದ್ದರೆ ಕೆಳಗೂ ಇರುತ್ತದೆ, ಮೇಲೆ ಇಲ್ಲದಿದ್ದರೆ ಕೆಳಗೂ ಇಲ್ಲ ಎಂದು ಊಹಿಸಲು ಬರುವುದಿಲ್ಲ. ಎರಡೂ ಬೇರೆ ಬೇರೆ ಕಾಯಿಲೆಗಳೇ. ಕೆಳಭಾಗದ ಹುಣ್ಣು ಒಮೆಪ್ರಜೋಲ್ ಒಂದಕ್ಕೇ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಸುಕ್ರಾಲ್ಫೇಟ್ ಸೇರಿಸಬೇಕು, ಹೆಚ್ಚು ದಿನ ಕಾಯಬೇಕು, 0-4ರ ಶ್ರೇಣಿಯೂ ಅದಕ್ಕೆ ಅನ್ವಯಿಸುವುದಿಲ್ಲ. ಈ ಕುದುರೆಯ ಕೆಳಭಾಗ ಚೊಕ್ಕಟವಾಗಿತ್ತು. ನೋವುನಿವಾರಕ ಬಿದ್ದಿದ್ದರಿಂದ ನನಗೆ ಅಲ್ಲಿನದೇ ಹೆದರಿಕೆ ಇತ್ತು. ಕೊನೆಗೆ ತುಂಬಿದ ಗಾಳಿಯನ್ನು ಹೀರಿ ತೆಗೆದು ನಳಿಕೆ ಹೊರಗೆಳೆದೆವು. ಗಾಳಿ ಬಿಟ್ಟರೆ ಅದೇ ಹೊಟ್ಟೆನೋವಾಗುತ್ತದೆ. ಮಂಪರು ಪೂರ್ತಿ ಇಳಿದು ಸರಿಯಾಗಿ ನುಂಗುವವರೆಗೆ ಮೇವು ಮುಟ್ಟಿಸಲಿಲ್ಲ.

ಹುಣ್ಣು ಅಲ್ಲೇ ಯಾಕೆ ಆಯಿತು ಎಂಬುದಕ್ಕೆ ಉತ್ತರ ಕುದುರೆಯ ದಿನಚರಿಯಲ್ಲಿತ್ತು. ಕುದುರೆಯ ಜಠರ ಮೇವಿರಲಿ ಬಿಡಲಿ ಇಪ್ಪತ್ತನಾಲ್ಕು ಗಂಟೆಯೂ ಆಮ್ಲ ಸ್ರವಿಸುತ್ತದೆ. ಬಯಲಿನಲ್ಲಿ ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರುವ ಪ್ರಾಣಿಗೆ ಅದು ಸರಿಹೊಂದುತ್ತದೆ. ಅಗಿದಾಗ ಮಾತ್ರ ಊರುವ ಜೊಲ್ಲಿನಲ್ಲಿ ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ ಇದೆ. ಜಠರದಲ್ಲಿ ನಾರು ಚಾಪೆಯಂತೆ ತೇಲುತ್ತಾ ಕೆಳಗಿನ ಆಮ್ಲ ಮೇಲಕ್ಕೆ ಎರಚದಂತೆ ತಡೆಯುತ್ತದೆ. ಮೇವು ನಿಂತು ಆರು ಗಂಟೆ ದಾಟಿತೆಂದರೆ ಹುಣ್ಣಿನ ಅಪಾಯ ಏರುತ್ತದೆ. ಅದರ ಮೇಲೆ ಕುದುರೆ ಓಡಿದರೆ, ಕುಣಿದರೆ, ಹೊಟ್ಟೆಯ ಸ್ನಾಯು ಬಿಗಿದು ಜಠರ ಒತ್ತಿ, ಆಮ್ಲ ಲೋಳೆಯಿಲ್ಲದ ಮೇಲ್ಭಾಗಕ್ಕೆ ಏರುತ್ತದೆ.

ಈಗ ಮದುವೆ ದಿನವನ್ನು ನೋಡಿ. ಬೆಳಿಗ್ಗೆ ಆರಕ್ಕೆ ಒಂದೂವರೆ ಕಿಲೋ ಕಾಳು. ಮಧ್ಯಾಹ್ನ ಮೈ ತೊಳೆದು, ಜೂಲು ಹೊದಿಸಿ, ಗೊಂಡೆ ಕಟ್ಟಿ ಸಿಂಗರಿಸುವ ಹೊತ್ತು. ಹುಲ್ಲು ಹಾಕಿದರೆ ಹೊಟ್ಟೆ ಜೋತು ಚೆಂದ ಕಾಣುವುದಿಲ್ಲ, ಕಲ್ಯಾಣ ಮಂಟಪದ ಮುಂದೆ ಲದ್ದಿ ಹಾಕುತ್ತದೆ ಎಂದು ಅಂದು ಹುಲ್ಲೇ ಇಲ್ಲ. ಸಂಜೆ ಐದಕ್ಕೆ ಹೊರಟರೆ ಬ್ಯಾಂಡಿನ ಮುಂದೆ ಕುಣಿಯುತ್ತಾ ನಿಲ್ಲುತ್ತಾ ರಾತ್ರಿ ಹನ್ನೊಂದು. ಮನೆಗೆ ಬಂದಮೇಲೆ ಹಸಿದಿದೆಯೆಂದು ಮತ್ತೆ ಒಂದೂವರೆ ಕಿಲೋ ಕಾಳು, ಆಮೇಲೆ 3 ಕಿಲೋದಷ್ಟು ಭತ್ತದ ಹುಲ್ಲು. ಬೆಳಗಿನ ಕಾಳಿನಿಂದ ರಾತ್ರಿಯ ಹುಲ್ಲಿನವರೆಗೆ ಹದಿನೇಳು ಗಂಟೆ ಬಾಯಿಗೆ ನಾರೇ ಬೀಳುವುದಿಲ್ಲ.

ಕಾಳಿನ ಪಾತ್ರವೂ ಸಣ್ಣದಲ್ಲ. ಇದು ಮೆಕ್ಕೆಜೋಳದ ನಾಡು, ನುಚ್ಚು ಸುಲಭವಾಗಿ ಸಿಗುತ್ತದೆ. ಒಂದೊಂದು ಸಲದ ಒಂದೂವರೆ ಕಿಲೋದಲ್ಲಿ 1 ಕಿಲೋ ಮೆಕ್ಕೆಜೋಳದ ನುಚ್ಚು, ಉಳಿದದ್ದು ಹುರುಳಿ, ಗೋಧಿ ಬೂಸಾ. ಮೆಕ್ಕೆಜೋಳದ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಎಲ್ಲ ಸೇರಿ ಒಂದು ಸಲಕ್ಕೆ 800 ಗ್ರಾಂ ಹತ್ತಿರ ಪಿಷ್ಟ. ಕಿಲೋ ತೂಕಕ್ಕೆ ಒಂದು ಸಲಕ್ಕೆ 1 ಗ್ರಾಂ, ದಿನಕ್ಕೆ 2 ಗ್ರಾಂ ಮೀರಬಾರದು ಎಂಬುದು ಲೆಕ್ಕ. ಅಂದರೆ ಈ ಕುದುರೆಗೆ ಸಲಕ್ಕೆ 360 ಗ್ರಾಂ, ದಿನಕ್ಕೆ 720. ಎರಡು ಪಟ್ಟಿಗೂ ಹೆಚ್ಚು ಬೀಳುತ್ತಿತ್ತು. ಹೆಚ್ಚಿನ ಪಿಷ್ಟ ಜಠರದಲ್ಲೇ ಹುಳಿತು ಕೊಬ್ಬಿನಾಮ್ಲಗಳಾಗುತ್ತದೆ. ಮೊದಲೇ ಆಮ್ಲದಲ್ಲಿ ಮುಳುಗಿದ ಮೇಲ್ಪದರದ ಜೀವಕೋಶಗಳೊಳಗೆ ಅವು ನುಗ್ಗಿ ಗಾಯ ಹಿರಿದಾಗಿಸುತ್ತವೆ. ಕಾಳು ತಿಂದ ಮೇಲೆ ಹೊಟ್ಟೆ ನೋಡಿಕೊಂಡು ನಿಲ್ಲುತ್ತಿದ್ದುದು ಇದಕ್ಕೇ.

ಚಿಕಿತ್ಸೆಯ ಚೀಟಿಯಲ್ಲಿ ಎರಡೂ ಬರೆದಿತ್ತು. ಕುದುರೆಗೆಂದೇ ಮಾಡಿದ ಒಮೆಪ್ರಜೋಲ್ ಪೇಸ್ಟ್ 1440 ಮಿಲಿಗ್ರಾಂ, ದಿನಕ್ಕೊಮ್ಮೆ, ಬೆಳಗಿನ ಜಾವ ಬರಿಹೊಟ್ಟೆಗೆ, ಮೇವಿಗಿಂತ ಒಂದು ಗಂಟೆ ಮೊದಲು, 28 ದಿನ. ಅದರ ಕೆಳಗೆ ಮೇವು ಮತ್ತು ದಿನಚರಿಯ ಬದಲಾವಣೆ. ಮೇಲಿನ ಸಾಲು ಚಾಚೂ ತಪ್ಪದೆ ನಡೆಯಿತು, ಕೆಳಗಿನ ಸಾಲುಗಳು ನಡೆಯಲಿಲ್ಲ. ಅಷ್ಟು ದುಬಾರಿ ಔಷಧಿ ಬೀಳುವಾಗ ಹುಲ್ಲಿನ ಮಾತು ಯಾರಿಗೂ ದೊಡ್ಡದೆನಿಸುವುದಿಲ್ಲ. ಹತ್ತು ದಿನದಲ್ಲಿ ಕುದುರೆ ಕಾಳು ಮುಗಿಸತೊಡಗಿತು. ಕೋರ್ಸು ಮುಗಿದ ಮೇಲೆ ಮತ್ತೆ ನೋಡಿದರೆ ಹುಣ್ಣು ಮಾಯಿತ್ತು, ಅಂಚಿನಲ್ಲಿ ಸ್ವಲ್ಪ ಹಳದಿ ದಪ್ಪ ಪದರ ಮಾತ್ರ: ಶ್ರೇಣಿ 1.

ಎಲ್ಲರೂ ಔಷಧಿಯನ್ನು ಹೊಗಳಿದರು. ನನಗೆ ಪಂಚಾಂಗದ ಮೇಲೆ ಅನುಮಾನ. ಆ ನಾಲ್ಕು ವಾರದ ಬಹುಪಾಲು ಆಷಾಢ, ಒಂದು ಮದುವೆಯೂ ಇಲ್ಲ. ಕುದುರೆ ಇಡೀ ದಿನ ಮನೆಯಲ್ಲಿ ಕಟ್ಟಿಕೊಂಡು, ಎದುರಿಗಿದ್ದ ಹುಲ್ಲು ತಿಂದುಕೊಂಡು ನಿಂತಿತ್ತು. ಹುಣ್ಣನ್ನು ಔಷಧಿ ಮಾಯಿಸಿತೇ ಆಷಾಢ ಮಾಯಿಸಿತೇ ಎಂದು ಬಿಡಿಸಿ ಹೇಳುವ ದಾರಿಯೇ ಇರಲಿಲ್ಲ. ಶ್ರಾವಣ ಉತ್ತರ ಕೊಟ್ಟಿತು. ಮದುವೆ ಶುರುವಾಗಿ ಮೂರು ವಾರ ಆಗುವಷ್ಟರಲ್ಲಿ ಕಾಳು ಬಿಡುವುದು, ಪಟ್ಟಿಗೆ ಕಚ್ಚುವುದು ಎರಡೂ ಮರಳಿದವು. ನಳಿಕೆ ಇಳಿಸಿದರೆ ಅದೇ ಅಂಚು, ಅದೇ ಜಾಗ, ಈ ಸಲ ಸಣ್ಣ ಸಣ್ಣ ಹುಣ್ಣುಗಳು, ಶ್ರೇಣಿ 2.

"ಹಂಗಾರೆ ಮದುವಿ ಸೀಜನ್ ಮುಗಿಯಾ ತನಕ ಪೇಸ್ಟ್ ಕೊಟ್ಕೊಂತ ಹೋಗಣ ಬಿಡ್ರಿ" ಎಂದರು ಮಾಲೀಕರು. ಕೇಳಲು ಸರಳವಾದ ದಾರಿ. ಅದು ಯಾಕೆ ನಡೆಯುವುದಿಲ್ಲ ಎಂದು ತೊಟ್ಟಿಯ ಪಕ್ಕದಲ್ಲೇ ಕೂತು ಹೇಳಿದೆ.

ಒಮೆಪ್ರಜೋಲ್ ಆಮ್ಲ ಉತ್ಪಾದನೆಯನ್ನು ತಗ್ಗಿಸುತ್ತದೆ, ಗಾಯ ಮಾಯಲು ಬಿಡುವು ಕೊಡುತ್ತದೆ. ಆದರೆ ದಿನಕ್ಕೊಮ್ಮೆ ಕೊಟ್ಟ ಪ್ರಮಾಣದ ಪರಿಣಾಮ ಹಲವು ಕುದುರೆಗಳಲ್ಲಿ 24 ಗಂಟೆ ಪೂರ್ತಿ ನಿಲ್ಲುವುದಿಲ್ಲ. ಬೆಳಿಗ್ಗೆ ಐದಕ್ಕೆ ಕೊಟ್ಟದ್ದು ಸಡಿಲವಾಗುವ ಹೊತ್ತಿಗೇ ನಮ್ಮ ಕುದುರೆ ಬರಿಹೊಟ್ಟೆಯಲ್ಲಿ ಬ್ಯಾಂಡಿನ ಮುಂದೆ ನಿಂತಿರುತ್ತದೆ. ಔಷಧಿ ಜೊಲ್ಲು ಊರಿಸುವುದಿಲ್ಲ, ಜಠರದಲ್ಲಿ ನಾರಿನ ಪದರ ಕಟ್ಟುವುದಿಲ್ಲ. ಇನ್ನೊಂದು, ಆಮ್ಲ ತಗ್ಗಿದಾಗ ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಔಷಧಿ ನಿಂತ ಮೊದಲ ದಿನಗಳಲ್ಲಿ ಆಮ್ಲ ಮೊದಲಿಗಿಂತ ಜೋರಾಗಿ ಬರುವ ಸಂಭವ ಇದೆ. ಅದೇ ದಿನಗಳಲ್ಲಿ ಹಳೆಯ ದಿನಚರಿಯೂ ಸೇರಿದರೆ ಗಾಯ ಮರಳುವುದು ತಡವಾಗದು. ಮೇವು ತಪ್ಪಿಸಿ ತಪ್ಪಿಸಿ ಕೊಟ್ಟ ಆರೋಗ್ಯವಂತ ಕುದುರೆಗೂ ಈ ಮೇಲ್ಭಾಗದಲ್ಲಿ ಕೆಲವೇ ದಿನಗಳಲ್ಲಿ ಹುಣ್ಣಾಗುತ್ತದೆ. ಇನ್ನು ಮುಂದೆ ಕಾಲುನೋವೆಂದು ಯಾರಾದರೂ ಫಿನೈಲ್‌ಬ್ಯುಟಜೋನ್ ಕೊಡಿಸಿದರೆ, ಒಮೆಪ್ರಜೋಲ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಕರುಳಿಗೆ ಹೆಚ್ಚು ತೊಂದರೆ ಆದದ್ದು ಕಂಡುಬಂದಿದೆ.

ಈ ಸಲ ಮೇವನ್ನು ಮೊದಲು ಹಿಡಿದೆವು. ಬದಲಾವಣೆಯನ್ನು ಎರಡು ವಾರಕ್ಕೆ ಹರಡಿ ಮಾಡಿದೆವು, ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಬೇರೆ ಬರುತ್ತದೆ. ಒಣಮೇವು ದಿನಕ್ಕೆ 7 ಕಿಲೋ, ನಾಲ್ಕು ಹೊತ್ತಿಗೆ ಹಂಚಿ. ಭತ್ತದ ಹುಲ್ಲೊಂದನ್ನೇ ನಂಬಿದರೆ ಹುಣ್ಣಿನ ಅಪಾಯ ಹೆಚ್ಚು, ಅದರಲ್ಲಿ ಸತ್ವವೂ ಕಡಿಮೆ. ಚಳ್ಳಕೆರೆ ಕಡೆಯಿಂದ ಒಣಗಿಸಿದ ಶೇಂಗಾ ಬಳ್ಳಿ ತರಿಸಿದರು, ಅದು ದಿನಕ್ಕೆ 2 ಕಿಲೋ. ದ್ವಿದಳದ ಮೇವಾದ್ದರಿಂದ ಅದರಲ್ಲಿರುವ ಸುಣ್ಣ ಮತ್ತು ಪ್ರೋಟೀನು ಆಮ್ಲವನ್ನು ಒಂದಿಷ್ಟು ತಗ್ಗಿಸುತ್ತವೆ. ಬೇರಿನ ಮಣ್ಣು ಕೊಡವಬೇಕು, ಬೂಷ್ಟು ವಾಸನೆ ಬಂದ ಕಟ್ಟನ್ನು ಎಸೆಯಬೇಕು. ಉಳಿದದ್ದು ಒಣ ಕಾವಲ್ ಹುಲ್ಲು, ಕತ್ತರಿಸಿದ ಜೋಳದ ದಂಟು, ರಾತ್ರಿಗೆ ಸ್ವಲ್ಪ ಭತ್ತದ ಹುಲ್ಲು. ಬೇಗ ಮುಗಿಸದಿರಲಿ ಎಂದು ರಾತ್ರಿಯ ಮೇವನ್ನು ಬಲೆಚೀಲದಲ್ಲಿ ತೂಗುಹಾಕಲು ಹೇಳಿದ್ದೆ. ಕುದುರೆ ನೋಡಿಕೊಳ್ಳುವ ಹುಡುಗ ಮೊದಲು ಈರುಳ್ಳಿ ಚೀಲ ಕಟ್ಟಿದ್ದ. ಆ ಪ್ಲಾಸ್ಟಿಕ್ ಎಳೆ ಕಡಿದು ನುಂಗಿದರೆ ಇನ್ನೊಂದು ಉಪದ್ರ. ಅದನ್ನು ತೆಗೆಸಿ ಹತ್ತಿ ಹಗ್ಗದಲ್ಲಿ ಹೆಣೆಸಿದೆವು. ಗೊರಸು ಸಿಕ್ಕಿಕೊಳ್ಳದಷ್ಟು ಎತ್ತರಕ್ಕೆ ಕಟ್ಟಿಸಿದೆವು.

ಕಾಳನ್ನು ಮೂರು ಹೊತ್ತು ಮಾಡಿದೆವು. ಪ್ರತಿ ಸಲ 200 ಗ್ರಾಂ ನುಚ್ಚು, 200 ಗ್ರಾಂ ಹುರುಳಿ ಬೇಯಿಸಿ, 50 ಮಿ.ಲೀ. ಶೇಂಗಾ ಎಣ್ಣೆ. ಎಣ್ಣೆಯನ್ನು ಒಂದು ಚಮಚದಿಂದ ಶುರುಮಾಡಿ ಮೆಲ್ಲಗೆ ಏರಿಸಿದ್ದು. ಪಿಷ್ಟ ಈಗ ಸಲಕ್ಕೆ 200 ಗ್ರಾಂ ಆಸುಪಾಸು, ದಿನಕ್ಕೆ 615. ಕಳೆದ ಶಕ್ತಿಯನ್ನು ಎಣ್ಣೆ ಮತ್ತು ಹೆಚ್ಚಿನ ಮೇವು ತುಂಬಿದವು. ಕಾಳು ಕಡಿಮೆ ಮಾಡಿದರೆ ಕುದುರೆಗೆ ಕಸುವಿರುವುದಿಲ್ಲ ಎಂಬ ವಾದ ಮನೆಯಲ್ಲಿ ಬಹಳ ನಡೆಯಿತು. ಎದೆಸುತ್ತಿನ ಟೇಪು ಎರಡು ತಿಂಗಳಲ್ಲಿ 4 ಸೆಂ.ಮೀ. ಮೇಲೆ ಹೋದಾಗ ನಿಂತಿತು.

ಕಷ್ಟವಾದದ್ದು ಮದುವೆ ದಿನ. ಮಧ್ಯಾಹ್ನ ಹುಲ್ಲು ಬೇಡವೇ ಬೇಡ ಎಂಬ ಹಟ ಮುರಿಯಲು ಲದ್ದಿಚೀಲ ಕಟ್ಟುವ ರಾಜಿ ಆಯಿತು. ಹೊರಡುವ ಅರ್ಧ ಗಂಟೆ ಮೊದಲು ಕತ್ತರಿಸಿದ ಶೇಂಗಾ ಬಳ್ಳಿ ಅಥವಾ ಕುದುರೆಮಸಾಲೆ ಸೊಪ್ಪು ಒಂದು ಸಣ್ಣ ಬುಟ್ಟಿ. ಜಠರದಲ್ಲಿ ಅಷ್ಟು ನಾರು ಇದ್ದರೂ ಆಮ್ಲ ಎರಚುವುದು ತಗ್ಗುತ್ತದೆ. ಮೆರವಣಿಗೆ ನಿಂತಲ್ಲಿ ವರ ಇಳಿದಾಗಲೆಲ್ಲ ಹುಡುಗ ಒಂದು ಹಿಡಿ ಮೇವು, ಬಕೆಟ್ ನೀರು ತೋರಿಸಬೇಕು. ಮನೆಗೆ ಬಂದರೆ ಮೊದಲು ಹುಲ್ಲು, ಕಾಳು ಆಮೇಲೆ. ಸತತ ಮೂರು ದಿನಕ್ಕಿಂತ ಹೆಚ್ಚು ಮೆರವಣಿಗೆ ಒಪ್ಪಿಕೊಳ್ಳಬೇಡಿ ಎಂಬ ಮಾತು ಮಾತ್ರ ನಡೆಯಲಿಲ್ಲ. ಅದು ಹೊಟ್ಟೆಪಾಡಿನ ಪ್ರಶ್ನೆ, ನಾನು ಜಗ್ಗಾಡಲಿಲ್ಲ.

ಇವೆಲ್ಲ ನಡೆಯುತ್ತಿರುವಾಗಲೇ ಪೇಸ್ಟ್ ಮತ್ತೆ 28 ದಿನ ಪೂರ್ತಿ ಪ್ರಮಾಣದಲ್ಲಿ. ಆಮೇಲೆ ಒಮ್ಮೆಲೇ ನಿಲ್ಲಿಸದೆ ಒಂದು ವಾರ ಅರ್ಧ, ಇನ್ನೊಂದು ವಾರ ಕಾಲುಭಾಗ. ತುಳಸಿ ಹಬ್ಬ ಕಳೆದು ಮದುವೆಗಳು ಬಿರುಸಾದ ಮೇಲೆ, ಔಷಧಿ ನಿಂತು ತಿಂಗಳಾದ ಮೇಲೆ, ಬೇಕೆಂದೇ ಆ ಹೊತ್ತು ಹುಡುಕಿ ಮತ್ತೆ ನಳಿಕೆ ಇಳಿಸಿದೆವು. ಬಿಡುವಿನ ಕಾಲದಲ್ಲಿ ನೋಡಿದರೆ ಮತ್ತೆ ಅದೇ ಅನುಮಾನ ಉಳಿಯುತ್ತಿತ್ತು. ಅಂಚಿನ ಮೇಲ್ಬದಿ ಒಂದು ಕಡೆ ಮಾತ್ರ ಹಳದಿಯಾಗಿ ದಪ್ಪಗಿತ್ತು, ಪದರ ಎಲ್ಲೂ ಹರಿದಿರಲಿಲ್ಲ. ಕೆಳಭಾಗ ಮೊದಲಿನಂತೆಯೇ ಚೊಕ್ಕಟ.

ಪಟ್ಟಿ ಬಿಗಿಯುವಾಗ ಕಿವಿ ಈಗಲೂ ಒಮ್ಮೊಮ್ಮೆ ಹಿಂದೆ ಹೋಗುತ್ತದೆ. ಹುಣ್ಣಿಲ್ಲದಿದ್ದರೂ ನೋವಿನ ನೆನಪು ಕುದುರೆಯಲ್ಲಿ ಬಹಳ ದಿನ ಉಳಿಯುವುದುಂಟು, ಆದ್ದರಿಂದ ಆ ಒಂದು ಲಕ್ಷಣದ ಮೇಲೆ ಔಷಧಿ ಶುರುಮಾಡಬಾರದೆಂದು ಹೇಳಿಟ್ಟಿದ್ದೇನೆ. ಕಾಳು ಬಿಟ್ಟರೆ ಆಗ ಫೋನ್ ಮಾಡಬೇಕು. ಮೂರಕ್ಕಿಂತ ಹೆಚ್ಚು ದಿನ ಸಾಲಾಗಿ ಮೆರವಣಿಗೆ ಬಿದ್ದ ವಾರಗಳಲ್ಲಿ ಮಾತ್ರ ಕಿಲೋ ತೂಕಕ್ಕೆ 1 ಮಿಲಿಗ್ರಾಂ, ಅಂದರೆ 360 ಮಿಲಿಗ್ರಾಂ ಪೇಸ್ಟ್ ಬೆಳಗಿನ ಜಾವ ಕೊಡುತ್ತಾರೆ. ಆ ವಾರಗಳಲ್ಲೂ ಶೇಂಗಾ ಬಳ್ಳಿಯ ಬುಟ್ಟಿ ತಪ್ಪುವಂತಿಲ್ಲ.